ಪೆಟ್ಟಿಗೆಗೆ ಹನ್ನೊಂದು ರೂಪಾಯಿ

ಮೂಡುಬಿದಿರೆಯ ಪಂಪ್‌ಸೆಟ್ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಪಂಪು ತುಂಬುವ ಮರದ ಪೆಟ್ಟಿಗೆಗೆ ನಾವು ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡಿದ್ದ ನಿಗದಿತ ದರ ನೂರಇಪ್ಪತ್ತು. ಪುಂಜಾಲಕಟ್ಟೆಯ ಬಡಗಿ ಲೋಕಯ್ಯ ನಾಲ್ಕು ವರ್ಷ ನೂರಹನ್ನೆರಡರ ಬಿಲ್ಲನ್ನೇ ಕಳಿಸಿದ್ದರು. ಉಳಿದ ಎಂಟು ರೂಪಾಯಿ ಪ್ರತಿ ಸಲವೂ ಲಾಭವೆಂದು ದರ ವ್ಯತ್ಯಾಸ ಖಾತೆಗೆ ಜಮೆ.

ಈ ಸಲ ಇನ್ನೂರು ಪೆಟ್ಟಿಗೆಗೆ ತಲಾ ನೂರಮೂವತ್ತೊಂದರ ಬಿಲ್ಲು. ಮ್ಯಾನೇಜರರು ಕಿಡಿಕಿಡಿಯಾದರು. "ಕೇಳದೆ ಏರಿಸಿದ್ದಾ? ಸಮೀನಾ, ಕಾರಣ ಕೇಳಿ ಬರೆಯಿರಿ."

ನನಗೂ ಸಿಟ್ಟಿತ್ತು. ಫೋನು ಎತ್ತಿದವರು ಲೋಕಯ್ಯನವರೇ ಎಂದುಕೊಂಡು, "ಏನಣ್ಣ, ಹೀಗಾ ಮಾಡುವುದು?" ಎಂದೆ.

"ನಾನು ನೀಲಾವತಿ, ಅವರ ಹೆಂಡತಿ. ಅವರು ತೀರಿಹೋಗಿ ತಿಂಗಳಾಯ್ತು. ಅವರ ಕೂಲಿ ಅವರು ಹಾಕ್ತಿರ್ಲಿಲ್ಲಮ್ಮ, ಮರದ್ದು, ಮೊಳೆಯದ್ದು ಮಾತ್ರ. ಈಗ ಕೆಲಸದವನಿಗೆ ಪೆಟ್ಟಿಗೆಗೆ ಹತ್ತೊಂಬತ್ತು ಕೊಡ್ತೇನೆ."

ಹೊಸ ಪೆಟ್ಟಿಗೆಗಳೂ ದಾಸ್ತಾನು ಪುಸ್ತಕದಲ್ಲಿ ನೂರಇಪ್ಪತ್ತರ ದರಕ್ಕೇ ಕೂತವು. ಪೆಟ್ಟಿಗೆಗೆ ಹನ್ನೊಂದರಂತೆ ಎರಡು ಸಾವಿರದ ಇನ್ನೂರು ರೂಪಾಯಿಯನ್ನು ವ್ಯತ್ಯಾಸ ಖಾತೆಗೆ ಖರ್ಚು ಹಾಕಿದೆ. ಕಾರಣದ ಅಂಕಣದಲ್ಲಿ "ಕೂಲಿ ಸೇರಿದೆ" ಎಂದು ಬರೆದೆ.

ಆಮೇಲೆ ಹಳೆಯ ಹಾಳೆಗಳನ್ನು ತಿರುವಿದೆ. ಆ ಎಂಟು ರೂಪಾಯಿಯ ಎದುರು, ಪ್ರತಿ ತಿಂಗಳೂ, ನನ್ನದೇ ಅಕ್ಷರ: "ನಮ್ಮ ಚೌಕಾಸಿಯಿಂದ ಉಳಿತಾಯ".

ಆ ನಾಲ್ಕು ವರ್ಷ ಕಾರಣ ಕೇಳಲು ಯಾರೂ ಪುಂಜಾಲಕಟ್ಟೆಗೆ ಫೋನು ಮಾಡಿರಲಿಲ್ಲ.