ಸೂತಕವಿಲ್ಲದವರ ರಜೆ

ರಶ್ಮಿ ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬಂದವಳು ನೇರ ನನ್ನ ಮೇಜಿನ ಮುಂದೆ ಕೂತು, ನಾನೇ ಸಹಿ ಮಾಡಿ ಕಳಿಸಿದ್ದ ನೋಟಿಸನ್ನು ನನ್ನ ಕಡೆಗೇ ತಿರುಗಿಸಿಟ್ಟಳು. ಅನುಮತಿಯಿಲ್ಲದೆ ಐದು ದಿನ ಗೈರು, ಕಾರಣ ತಿಳಿಸಿ ಎಂದಿತ್ತು ಅದರಲ್ಲಿ.

ನಮ್ಮದು ರಕ್ತಪರೀಕ್ಷೆಯ ಲ್ಯಾಬ್. ಸವಳಂಗ ರಸ್ತೆಯಲ್ಲಿ ಮುಖ್ಯ ಕಚೇರಿ, ಭದ್ರಾವತಿ ಓಲ್ಡ್ ಟೌನಿನಲ್ಲಿ ಒಂದು ಶಾಖೆ, ಎರಡೂ ಸೇರಿ ಮೂವತ್ತೆಂಟು ಜನ. ಟೈಪಿಸ್ಟ್ ಆಗಿ ಸೇರಿದ ನಾನು ಹಾಜರಿ, ರಜೆ, ನೇಮಕಾತಿ ಎಲ್ಲವನ್ನೂ ಮಾಡುತ್ತಾ ಮಾಡುತ್ತಾ ಕಲಿತವಳು. ರಶ್ಮಿ ಶಾಖೆಯಲ್ಲಿ ಟೆಕ್ನಿಶಿಯನ್. ಪ್ರೊಬೇಷನ್ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಈ ನೋಟಿಸು ಕಡತದಲ್ಲಿರುವ ತನಕ ಅವಳನ್ನು ಖಾಯಂ ಮಾಡುವ ಹಾಗಿರಲಿಲ್ಲ.

ಆದದ್ದು ಇಷ್ಟು. ಅವಳ ತಾಯಿ ತೀರಿಕೊಂಡರು. ಅವತ್ತೇ ಶಾಖೆಯ ಮೇಲ್ವಿಚಾರಕ ಗುರುಪ್ರಸಾದ್‌ಗೆ ಫೋನ್ ಮಾಡಿ ಒಂದು ವಾರ ಬರುವುದಿಲ್ಲ ಎಂದಳು. ಅವನು ನೋಡೋಣ ಎಂದ. ಆಮೇಲೆ ರಜೆ ನಿಯಮದ ಪುಸ್ತಕ ತೆಗೆದು ನೋಡಿದ. ಅಲ್ಲಿ ಹೀಗಿತ್ತು: 'ಕುಟುಂಬದಲ್ಲಿ ಮರಣ ಸಂಭವಿಸಿದಲ್ಲಿ ಅರ್ಹ ನೌಕರರಿಗೆ ಅವರವರ ಸೂತಕದ ಅವಧಿಗೆ, ಆಡಳಿತದ ವಿವೇಚನೆಯಂತೆ ರಜೆ ನೀಡಲಾಗುವುದು.' ರಶ್ಮಿ ಲಿಂಗಾಯತರ ಮನೆಯವಳು. ಅವರಲ್ಲಿ ಸೂತಕ ಹಿಡಿಯುವುದಿಲ್ಲ ಎಂದು ಅವನಿಗೆ ಗೊತ್ತು. ಸೂತಕವಿಲ್ಲದ ಮೇಲೆ ಅವಧಿಯೂ ಇಲ್ಲ ಎಂದುಕೊಂಡು, ಮಣ್ಣು ಮಾಡಿದ ಒಂದು ದಿನ ರಜೆ ಬರೆದು, ಮಿಕ್ಕ ಐದು ದಿನಕ್ಕೆ ಗೈರು ಎಂದು ಹಾಕಿದ. ಕೆಟ್ಟವನಲ್ಲ ಅವನು. ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೇ ಓದಿದ್ದ.

"ಮನೇಲಿ ಸೂತಕ ಇಲ್ಲ, ನಿಜ," ಎಂದಳು ರಶ್ಮಿ. "ಅಮ್ಮ ಇಲ್ಲದ್ದೂ ನಿಜ ಅಲ್ವಾ ಮೇಡಂ?"

ನಿಯಮದ ಪುಸ್ತಕದ ಆ ವಾಕ್ಯ ಬರೆದವಳು ನಾನೇ. ಆರು ವರ್ಷದ ಹಿಂದೆ ನಮ್ಮ ಮಾವನವರು ಹೋದಾಗ ಹದಿಮೂರು ದಿನ ಮನೆಯಿಂದ ಹೊರಬಿದ್ದಿರಲಿಲ್ಲ. ಕೆಲಸಕ್ಕೆ ಮರಳಿದ ವಾರವೇ, ಎಲ್ಲರಿಗೂ ಅನುಕೂಲವಾಗಲಿ ಎಂದು ಬರೆದಿದ್ದೆ. ಎಲ್ಲರೂ ಅಂದರೆ ನಮ್ಮ ಮನೆಯಂಥ ಮನೆಯವರು ಎಂದೇ ಮನಸ್ಸಿನಲ್ಲಿತ್ತು ಅನ್ನುವುದು ಅವತ್ತು ರಶ್ಮಿಯ ಎದುರು ಕೂತಾಗ ಗೊತ್ತಾಯಿತು.

ಮಾಲೀಕರಾದ ಗಂಗಾಧರಪ್ಪನವರಿಗೆ ಹೋಗಿ ಹೇಳಿದೆ. ಅವರು ಪುಸ್ತಕ ತಿರುವಿ ತಮ್ಮದೇ ಸಹಿ ನೋಡಿಕೊಂಡರು.

"ಇದಕ್ಕೆ ಸಹಿ ಹಾಕ್ದಾಗ ನಾನೂ ಲಿಂಗಾಯತನೇ ಆಗಿದ್ನಲ್ಲ ಸತ್ಯಭಾಮಾ," ಎಂದು ನಕ್ಕರು. ಆಮೇಲೆ ದನಿ ಇಳಿಯಿತು. "ನಮ್ಮಪ್ಪ ಹೋದಾಗ ಮೂರನೇ ದಿನಕ್ಕೇ ಈ ಕುರ್ಚೀಲಿ ಬಂದು ಕೂತಿದ್ದೆ. ಒಂದು ರಿಪೋರ್ಟೂ ತಲೆಗೆ ಹೋಗಲಿಲ್ಲ. ಬರೀರಿ ಹೊಸದಾಗಿ. ಆದ್ರೆ ವಕೀಲರಿಗೆ ಬರೆದ ಹಾಗೆ ಬರೀಬೇಡಿ."

ಒಂದೊಂದೇ ಪದ ಹಿಡಿದು ಕೂತೆ. ಅರ್ಹ ನೌಕರರು ಅಂದರೆ ಯಾರು, ಪ್ರೊಬೇಷನ್‌ನಲ್ಲಿರುವವರೂ ಸೇರುತ್ತಾರೋ ಇಲ್ಲವೋ? ಆಡಳಿತ ಅಂದರೆ ಗುರುಪ್ರಸಾದನೋ, ನಾನೋ, ಮಾಲೀಕರೋ? ವಿವೇಚನೆ ಎಂಬ ಪದವಂತೂ ಕೇಳಿದವರನ್ನು ಬಾಗಿಲ ಹೊರಗೇ ನಿಲ್ಲಿಸುವಂಥದ್ದು. ಸೂತಕ ತೆಗೆದು ದಿನಗಳ ಸಂಖ್ಯೆ ಹಾಕಿದೆ. ಕರಡು ಮುಗಿದಾಗ ಚೆನ್ನಾಗಿದೆ ಅನ್ನಿಸಿತು. ಹಿಂದಿನದೂ ಬರೆದಾಗ ಚೆನ್ನಾಗಿದೆ ಅಂತಲೇ ಅನ್ನಿಸಿತ್ತಲ್ಲ ಎಂದು ನೆನಪಾಗಿ, ಅದನ್ನು ತೆಗೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರ ಸರತಿ ಹತ್ತು ಗಂಟೆಗೆಲ್ಲ ಕರಗಿತ್ತು. ಶಾಖೆಯ ನೌಕರರನ್ನು ಒಬ್ಬೊಬ್ಬರಾಗಿ ಕರೆದು ಕರಡನ್ನು ಓದಿಸಿ, ಅರ್ಥವಾಯಿತೇ ಎಂದು ಕೇಳದೆ, ನಾಳೆ ನಿಮ್ಮ ಮನೆಯಲ್ಲೇ ಹೀಗಾದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದೆ. ಗುರುಪ್ರಸಾದ್ ಓದಿ, ತಾನು ಒಪ್ಪಿಗೆ ಕೊಡಬೇಕಾದದ್ದು ಎಲ್ಲಿ, ತಿಳಿಸಿದ್ದನ್ನು ಸುಮ್ಮನೆ ಬರೆದುಕೊಳ್ಳಬೇಕಾದದ್ದು ಎಲ್ಲಿ ಎಂದು ಗೊತ್ತಾಗುತ್ತಿಲ್ಲ ಎಂದ. ಒಳ್ಳೆಯ ಪ್ರಶ್ನೆ. ಅಲ್ಲೇ ಗುರುತು ಹಾಕಿಕೊಂಡೆ.

ಕಸ ಗುಡಿಸಿ, ಗಾಜು ತೊಳೆಯುವ ಮಾಸ್ತಮ್ಮನಿಗೆ ನಾನೇ ಓದಿ ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ಅರ್ಜಿ ಕೊಡ್ಬೇಕು ಅಂತೀರ. ಹೆಣ ಮನೇಲಿ ಇಟ್ಕೊಂಡು ಯಾರವ್ವ ಅರ್ಜಿ ಬರೀತಾರೆ?"

"ಫೋನ್ ಮಾಡಿದ್ರೆ ಸಾಕು ಮಾಸ್ತಮ್ಮ."

"ಗುರು ಸಾರ್ ಫೋನ್ ತೆಗೀಲಿಲ್ಲ ಅಂದ್ರೆ? ನಾನು ಅಳ್ತಾ ಇದ್ರೆ? ಪಕ್ಕದ್ಮನೆಯೋರು ಮಾಡಿದ್ರೆ ನಡಿಯುತ್ತಾ?" ಹಾಳೆಯ ಕಡೆ ಕೈ ತೋರಿಸಿ ಹೇಳಿದಳು, "ನನ್ನ ಸಾಕಿದ್ದು ನಮ್ಮ ಚಿಕ್ಕವ್ವ. ನಿಮ್ಮ ಹಾಳೇಲಿ ಆಯಮ್ಮ ಎಲ್ಲೂ ಇಲ್ಲ."

ವಾಪಸು ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲೇ ತಿದ್ದಿದೆ. ಅಕ್ಷರ ಕುಲುಕಾಡಿದ್ದವು, ಅರ್ಥ ನೆಟ್ಟಗಾಗಿತ್ತು. ಕೊನೆಗೆ ನಿಂತದ್ದು ಹೀಗೆ:

'ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಪ್ರತಿಯೊಬ್ಬ ನೌಕರರಿಗೂ, ಪ್ರೊಬೇಷನ್ ಮತ್ತು ಗುತ್ತಿಗೆಯವರೂ ಸೇರಿ, ಈ ರಜೆ ಇದೆ. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಅತ್ತೆ ಮಾವ, ಒಡಹುಟ್ಟಿದವರು, ಅಜ್ಜ ಅಜ್ಜಿ, ಇಲ್ಲವೇ ನಿಮ್ಮನ್ನು ಸಾಕಿದವರು ತೀರಿಕೊಂಡರೆ ಆರು ಕೆಲಸದ ದಿನ. ಜಾತಿ, ಧರ್ಮ, ಆಚರಣೆ ಕೇಳುವಂತಿಲ್ಲ. ಈ ಆರು ದಿನಕ್ಕೆ ಯಾರ ಅನುಮತಿಯೂ ಬೇಡ, ತಿಳಿಸಿದರೆ ಸಾಕು. ನೀವು ಅಥವಾ ನಿಮ್ಮ ಪರವಾಗಿ ಯಾರಾದರೂ ಶಾಖೆಯ ಮೇಲ್ವಿಚಾರಕರಿಗೆ ಫೋನ್ ಇಲ್ಲವೇ ಮೆಸೇಜ್ ಮಾಡಿ. ಅವರು ಸಿಗದಿದ್ದರೆ ಮುಖ್ಯ ಕಚೇರಿಗೆ ಮಾಡಿ. ಅರ್ಜಿಯನ್ನು ಮರಳಿ ಬಂದ ಮೇಲೆ ಕೊಡಬಹುದು. ಇನ್ನೂ ದಿನ ಬೇಕಿದ್ದರೆ ನಿಮ್ಮ ಗಳಿಕೆ ರಜೆಯಿಂದ ಕೇಳಿ. ಮೇಲ್ವಿಚಾರಕರು ಅಂದೇ ಮೆಸೇಜಿನಲ್ಲಿ ಉತ್ತರಿಸಬೇಕು. ಇಲ್ಲ ಎನ್ನುವುದಾದರೆ ಕಾರಣ ಬರೆದು ಮುಖ್ಯ ಕಚೇರಿಯ ಸಹಿ ಪಡೆಯಬೇಕು. ಬೇರೆ ಬಂಧುಗಳು, ಹತ್ತಿರದವರು ಹೋದರೆ ಒಂದು ದಿನ; ಇದಕ್ಕೆ ಮೇಲ್ವಿಚಾರಕರ ಒಪ್ಪಿಗೆ ಬೇಕು.'

ಗಂಗಾಧರಪ್ಪನವರು ಎರಡು ಸಲ ಓದಿ, ಬರುವ ಒಂದನೇ ತಾರೀಕಿನಿಂದ ಜಾರಿ ಎಂದು ಬರೆದರು. ನಾನು ಎದ್ದು ಹೋಗಲಿಲ್ಲ.

"ಇನ್ನೇನು?"

"ಒಂದನೇ ತಾರೀಕಿನಿಂದ ಅಂದ್ರೆ ಎಲ್ರಿಗೂ ಸಿಕ್ತು ಸಾರ್, ರಶ್ಮಿಗೆ ಬಿಟ್ಟು."

ಹಿಂದಿನದಕ್ಕೆಲ್ಲ ಅನ್ವಯಿಸಿದರೆ ಎಲ್ಲರೂ ಹಳೇ ಕಡತ ಬಿಚ್ಚಿಕೊಂಡು ಬರುತ್ತಾರೆ ಎಂದು ಅವರು ಹಿಂಜರಿದರು. ಅದೂ ತಪ್ಪಲ್ಲ. ತೀರ್ಮಾನ ಆಗದೆ ಉಳಿದಿರುವ ಪ್ರಕರಣಗಳಿಗೆ ಮಾತ್ರ ಅನ್ವಯಿಸೋಣ, ಅಂಥದ್ದು ಇರುವುದು ಒಂದೇ ಎಂದೆ. ಅವರು ಪೆನ್ನನ್ನು ಮತ್ತೆ ತೆರೆದು ಆ ಸಾಲನ್ನು ತಾವೇ ಸೇರಿಸಿದರು. ನೋಟಿಸು ವಾಪಸು ಪಡೆಯುವ ಪತ್ರವನ್ನೂ ಮುಂದಿಟ್ಟೆ. ಅದರ ಕೊನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು. ನಿಯಮದ ಕೊರತೆಯನ್ನು ತೋರಿಸಿಕೊಟ್ಟದ್ದಕ್ಕೆ ಸಂಸ್ಥೆ ನಿಮಗೆ ಕೃತಜ್ಞವಾಗಿದೆ ಎಂದಿತ್ತು.

"ನೋಟಿಸ್ ವಾಪಸ್ ತಗೊಳ್ಳೋ ಪತ್ರದಲ್ಲಿ ಇದನ್ನ ಯಾರು ಬರೀತಾರೆ ಮಾರಾಯ್ತಿ?"

"ನಾನು ಬರ್ದಿದೀನಿ ಸಾರ್."

ಸಹಿ ಹಾಕಿದರು.

ಪತ್ರವನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಮರುದಿನ ಓಲ್ಡ್ ಟೌನಿಗೆ ಹೋಗಿ ರಶ್ಮಿಯ ಕೈಗೇ ಕೊಟ್ಟೆ. ಹಿಂದಿನ ಸಂಜೆಯೇ ಫೋನಿನಲ್ಲಿ ತಿಳಿಸಿದ್ದೆ; ನಾನು ತಲುಪುವ ಮೊದಲೇ ಗುರುಪ್ರಸಾದ್ ಹಾಜರಿ ಪುಸ್ತಕದಲ್ಲಿ ಐದು ಗೈರುಗಳ ಮೇಲೆ ಕೆಂಪು ಗೀಟು ಎಳೆದು, ರಜೆ ಎಂದು ಬರೆದು, ಪಕ್ಕದಲ್ಲಿ ತನ್ನ ಹೆಸರು ಹಾಕಿ ತಾರೀಕು ನಮೂದಿಸಿದ್ದ. ನಿನ್ನ ಖಾಯಂ ಆದೇಶ ಸೋಮವಾರ ಬರುತ್ತದೆ ಎಂದು ಅವಳಿಗೆ ಹೇಳಿದೆ. ಅವಳು ಕಚೇರಿ ಪ್ರತಿಗೆ ಸಹಿ ಮಾಡಿ, ಪತ್ರವನ್ನು ಮಡಿಚಿ ಬ್ಯಾಗಿನಲ್ಲಿಟ್ಟಳು.

ಇಷ್ಟು ದಿನ ಅವಳ ರಜೆಯ ಬಗ್ಗೆ ಅಷ್ಟೆಲ್ಲ ಮಾತಾಡಿದ್ದೆ, ಅವಳ ತಾಯಿಯ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದೆ.

"ಬಸವರಾಜೇಶ್ವರಿ," ಎಂದಳು. ರೋಗಿಗಳು ಯಾರೂ ಇರಲಿಲ್ಲ. ಸ್ಟೂಲನ್ನು ನನ್ನ ಕಡೆ ಎಳೆದುಕೊಂಡು ಹೇಳತೊಡಗಿದಳು. ನನ್ನ ಬಸ್ಸು ಹೋಯಿತು. ಅದರ ಮುಂದಿನದೂ ಹೋಯಿತು.