ಬಿಸಿಲ ಗ್ವಾಡಿ ಮ್ಯಾಲಿನ ಎರಡು ಗೆರಿ

ಬ್ಯಾಡಗಿಯ ರೈತರ ಸಂಘದ ಸಭಾಭವನದಾಗ ತೋಟಗಾರಿಕಿ ಇಲಾಖೆಯ ಬೇನಜೀರ ಪ್ರೊಜೆಕ್ಟರ್ ಹಚ್ಚಿದ್ಲು ಖರೇ, ಗ್ವಾಡಿ ಮ್ಯಾಲ ಏನೂ ಕಾಣವಲ್ದು. ಮೆಣಸಿನಕಾಯಿ ಕಣದಾಗ ಹರವಿದ್ರ ಎಷ್ಟು ದಿನಕ್ಕ ಒಣಗತಾವು, ಪ್ಲಾಸ್ಟಿಕ್ ಹೊದಿಸಿದ ಶೆಡ್ಡಿನಾಗ ಎಷ್ಟು ದಿನಕ್ಕ ಅಂತ ಒಂದು ಹಂಗಾಮು ದಿನಾ ಕಾಯಿಯೊಳಗಿನ ತೇವ ಅಳದು ಆಕಿ ತಗದ ನಕ್ಷೆ ಅದು. ಸದಸ್ಯರು ಇವತ್ತ ಹೂಂ ಅಂದ್ರ ಇಲಾಖೆಯವರ ಹೊಸ ಶೆಡ್ಡು ಪಕ್ಕದ ಕದರಮಂಡಲಗಿಗೆ. ಇಲ್ಲಾಂದ್ರ ಬ್ಯಾರೆ ತಾಲೂಕಿಗೆ ಹೋಗತೈತಿ, ಆಕಿ ದುಡಿಮಿ ಮಣ್ಣುಪಾಲು.

ತಪ್ಪು ಆಕಿದ ಬಿಡ್ರಿ. ಮೆಣಸಿನಕಾಯಿ ಮಂದಿಗೆ ಕೆಂಪು ಅಂದ್ರ ಜೀವ ಅಂತ, ಕಪ್ಪು ಹಿನ್ನೆಲಿ ಮ್ಯಾಲ ಒಂದು ಗೆರಿ ಕಡುಗೆಂಪು, ಇನ್ನೊಂದು ತುಸು ತಿಳಿಗೆಂಪು ಹಚ್ಚಿದ್ಲು. ಎರಡೂ ಕೂದಲೆಳಿಯಷ್ಟು ಸಣ್ಣ. ಮನ್ಯಾಗ ಲ್ಯಾಪ್‌ಟಾಪಿನಾಗ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು.

ಕಿಟಕಿ ಮುಚ್ಚೂಣೇನ್ರಿ ಅಂತ ಕೇಳಿದ್ಲು. ಅಧ್ಯಕ್ಷ ಗಿರಿಯಪ್ಪ ಒಪ್ಪಲಿಲ್ಲ. ಬಂದವರೆಲ್ಲ ತಮ್ಮ ತಮ್ಮ ಮಾಲಿನ ಮಾದರಿ ತಂದು ಕಿಟಕಿ ಕಟ್ಟಿ ಮ್ಯಾಲ ಇಟ್ಟಿದ್ರು. ಕಾಯಿ ಬಣ್ಣ ನೋಡೂದು ಹಗಲ ಬೆಳಕಿನಾಗ, ಸಭಾ ಇರಲಿ ಮದಿವಿ ಇರಲಿ. ಮಂದಿ ಚಾ ಕುಡಿಯೂದ್ರಾಗ ಸರಿ ಮಾಡಿಕೋ ಅಂದ್ರು ಅಧ್ಯಕ್ಷರು.

ಪ್ರೊಜೆಕ್ಟರಿಗೆ ಕಪ್ಪು ಚೆಲ್ಲಾಕ ಬರೂದಿಲ್ಲ, ಬೆಳಕಷ್ಟ ಚೆಲ್ಲತೈತಿ. ಕಡುಗೆಂಪಿನ ಬೆಳಕು ಮೊದಲೇ ಕಮ್ಮಿ, ಗ್ವಾಡಿ ಮ್ಯಾಲಿನ ಬಿಸಿಲಿನ್ಯಾಗ ಮುಳುಗಿಹೋಗಿತ್ತು. ಬೇನಜೀರ ಹಿನ್ನೆಲಿ ಬೆಳ್ಳಗ ಮಾಡಿದ್ಲು. ಶೆಡ್ಡಿನ ಗೆರಿ ಕಪ್ಪು, ದಪ್ಪ. ಕಣದ ಗೆರಿನೂ ಅಷ್ಟ ದಪ್ಪ, ಆದ್ರ ತುಂಡು ತುಂಡು. ಬಣ್ಣ ಮಾಸಿ ಕಂಡ್ರೂ ಯಾವುದು ಯಾವುದಂತ ಗೊತ್ತಾಗಬೇಕಲ್ಲ. ಹಿಂದಿನ ಸಣ್ಣ ಚೌಕದ ಗೆರಿ ಅಳಿಸಿ, ಮೂಲ್ಯಾಗಿನ ಹೆಸರು ತಂದು ಗೆರಿ ತುದಿಗೆ ದೊಡ್ಡಕ್ಷರದಾಗ ಇಟ್ಲು. ಆಮ್ಯಾಲ ಕಡೀ ಸಾಲಿಗೆ ಹೋಗಿ ನಿಂತು ನೋಡಿದ್ಲು. ಬಿಸಿಲಿದ್ರೂ ಎದ್ದು ಕಾಣತಿತ್ತು. ಹುಶ್ ಅಂತ ಉಸಿರು ಬಿಟ್ಲು.

ಕಣದ್ದು ಹನ್ನೆರಡು ದಿನ, ಶೆಡ್ಡಿಂದು ಆರು. ಮಂದಿ ಹೌದಂತ ತಲಿ ಹಾಕಾಕತ್ತಿದ್ರು. ಅಷ್ಟರಾಗ, ನಲವತ್ತು ವರ್ಷ ಕಣದಾಗ ಕಾಯಿ ತಿರಿವಿದ ಕದರಮಂಡಲಗಿಯ ಕರೆವ್ವ ಕಡೀ ಸಾಲಿನಿಂದ ಎದ್ದು ನಿಂತ್ಲು.

"ಶೆಡ್ಡಿನ ಗೆರಿ ಇಳಕೋತ ಬಂದಿದ್ದು, ನಡುವ ಯಾಕ ಅಡ್ಡ ಮಲಗೇತಿ ತಂಗಿ?"

ಬೇನಜೀರ ಗ್ವಾಡಿ ಹತ್ರ ಹೋಗಿ ನೋಡಿದ್ಲು. ಕೂದಲೆಳಿಯಂಥ ಗೆರ‍್ಯಾಗ ಅದು ಆಕಿಗೂ ಕಂಡಿರಲಿಲ್ಲ. ದಿನದ ಲೆಕ್ಕ ನೋಡಿದ ಕೂಡಲೇ ನೆನಪಾತು. ಅಳತಿ ತಪ್ಪಿರಬೇಕ್ರಿ ಅಂದ್ರ ಯಾರೂ ಮುಂದ ಕೆದಕತಿರಲಿಲ್ಲ, ಆ ಮಾತು ನಾಲಿಗಿ ತನಕ ಬಂದಿತ್ತು.

"ಮೂರನೇ ದಿನ ಗಾಳಿಕಿಂಡಿ ತಗಿಯೂದು ಮರತಿದ್ದೆ, ಯವ್ವಾ. ಹಬಿ ಒಳಗ ನಿಂತು ಒಣಗೂದು ನಿಂತು ಹೋತು. ತಪ್ಪು ನಂದು."

ಎಲ್ಲಾ ಹೋತು ಅಂತ ಬೇನಜೀರ ತಲಿ ತಗ್ಗಿಸಿದ್ಲು.

"ಒಂದಿನ ಮರತೂ ಆರಕ್ಕ ಒಣಗ್ಯಾವಂದ್ರ, ಮರೀದಿದ್ರ ಐದ," ಅಂದ್ಲು ಕರೆವ್ವ. "ಗಿರಿಯಪ್ಪ, ಶೆಡ್ಡು ನಮ್ಮೂರಿಗೆ ಬರಲಿ. ಕಿಂಡಿ ತಗಿಯೂದು ನನಗ ಬಿಡು." ಮೊದಲ ಕೈ ಎತ್ತಿದಾಕಿನೂ ಆಕಿನ.