ಬಿಲ್ಲು ಇಳಿದ ಮನೆ

ಸೋದರಮಾವನ ಸೋಲಾರ್ ಹೀಟರ್ ಅಂಗಡಿಗೆ ಕರಪತ್ರ ಬರೆದುಕೊಡಲು ಒಪ್ಪಿದ್ದೇ ತಪ್ಪಾಯಿತೇನೋ ಎಂದು ಪುಟ್ಟಿಗೆ ಅನ್ನಿಸಿತು. ಜಾಹೀರಾತು ಬರೆಯುವುದು ಅವಳ ಹೊಟ್ಟೆಪಾಡು. ಬಾಯಿಗೆ ಬಂದಂತೆ ಬುರುಡೆ ಬಿಡುವುದು ಮಾವನ ಹುಟ್ಟುಗುಣ.

"ಬರ್ಕೋ. ವರ್ಷವಿಡೀ ಕುದಿಯೋ ನೀರು! ಕರೆಂಟ್ ಬಿಲ್ಲು ಎಂಬತ್ತು ಪರ್ಸೆಂಟ್ ಇಳಿಕೆ!"

"ಎಂಬತ್ತು ಎಲ್ಲಿಂದ ಬಂತು ಮಾವ?"

"ಮೂಲೆಮನೆ ಅಜ್ಜಿ ಮನೇಲಿ ಇಳಿದಿದೆ. ನಾನೇ ಕಣ್ಣಾರೆ ಬಿಲ್ಲು ನೋಡಿದೀನಿ. ಬೇಕಾದ್ರೆ ಕೇಳು."

ಪುಟ್ಟಿ ಅಲ್ಲೇ ಫೋನ್ ಮಾಡಿ ಸ್ಪೀಕರ್ ಒತ್ತಿದಳು.

"ಇಳೀದೆ ಏನಮ್ಮ?" ಅಜ್ಜಿಯ ದನಿ ಅಂಗಡಿ ತುಂಬಿತು. "ಹೀಟರ್ ಹಾಕಿಸಿದ ಮೇಲೆ ಎರಡು ತಿಂಗಳೂ ಮನೆಗೆ ಬೀಗ ಹಾಕಿ ಮಗಳ ಬಾಣಂತನಕ್ಕೆ ಹೋಗಿದ್ವಿ."

ಮಾವ ಎದ್ದುಹೋಗಿ, ಧೂಳೇ ಇಲ್ಲದ ಗಾಜಿನ ಕೊಳವೆಯೊಂದನ್ನು ಒರೆಸತೊಡಗಿದರು.

ಬೇರೆ ದಾರಿಯಿಲ್ಲದೆ ಪುಟ್ಟಿ ಥರ್ಮಾಮೀಟರ್ ಹಿಡಿದು, ಅದೇ ಹೀಟರ್ ಇದ್ದ ಮಾವನ ಮನೆಗೇ ಹೋದಳು. ಎರಡು ವಾರ ದಿನವೂ ಸಂಜೆ ಅತ್ತೆ ಬಚ್ಚಲ ನಲ್ಲಿ ಬಿಟ್ಟು ಅಳೆದರು. ಬಿಸಿಲು ಚೆನ್ನಾಗಿದ್ದ ದಿನ ಐವತ್ತೈದರಿಂದ ಅರವತ್ತು ಡಿಗ್ರಿ. ಮೋಡ ಮುಸುಕಿದ ದಿನ ಮೂವತ್ತೈದು ದಾಟಲು ತಿಣುಕಾಟ.

"ಮೋಡ ಇದ್ದಾಗ ನಾನು ಕರೆಂಟ್ ಸ್ವಿಚ್ ಹಾಕ್ತೀನಲ್ಲ," ಅಂದರು ಅತ್ತೆ.

"ನನಗೆ ಹೇಳೇ ಇಲ್ಲ!" ಮಾವ ಬೆಚ್ಚಿದರು.

"ಬೆನ್ನಿಗೆ ಬಿಸಿನೀರು ಬಿದ್ರೆ ಸಾಕು, ಎಲ್ಲಿಂದ ಬಂತು ಅಂತ ಯಾವತ್ತು ಕೇಳಿದೀರಿ?"

ಪುಟ್ಟಿ ಬರೆದಳು: 'ನಾಲ್ಕು ಜನರ ಒಂದು ಮನೆ, ಇನ್ನೂರು ಲೀಟರ್ ಟ್ಯಾಂಕು. ಎರಡು ವಾರ ಸಂಜೆ ಅಳೆದಾಗ, ಒಳ್ಳೆಯ ಬಿಸಿಲಿದ್ದ ದಿನ ನೀರು 55ರಿಂದ 60 ಡಿಗ್ರಿ. ಮೋಡದ ದಿನ ಕರೆಂಟ್ ಬೇಕಾಗುತ್ತದೆ. ಉಳಿಯುವುದು ನೀರು ಕಾಯಿಸುವ ಕರೆಂಟು ಮಾತ್ರ; ಫ್ಯಾನು, ಫ್ರಿಜ್ಜಿನದಲ್ಲ. ನಿಮ್ಮ ಮನೆಯಲ್ಲಿ ಎಷ್ಟೆಂದು ಹಳೆಯ ಬಿಲ್ಲು ತಂದರೆ ಲೆಕ್ಕ ಹಾಕಿ ಹೇಳುತ್ತೇವೆ.'

ಓದಿದ ಮಾವ ತಲೆಯ ಮೇಲೆ ಕೈ ಹೊತ್ತರು. "ತನ್ನ ಮೊಸರು ಹುಳಿ ಅಂತ ಯಾರಾದ್ರೂ ಹೇಳ್ಕೋತಾರೇನೇ? ಎದುರು ಅಂಗಡಿಯವನು ಹಗಲೂ ರಾತ್ರಿ ಕುದಿಯೋ ನೀರು ಅಂತ ಹಾಕಿದಾನೆ!"

"ಹಾಕ್ಲಿ. ಮೋಡದ ದಿನ ಗಿರಾಕಿಗಳು ಜಗಳಕ್ಕೆ ಅವನ ಬಾಗಿಲಿಗೆ ಹೋಗ್ತಾರೆ, ನಿಮ್ಮ ಬಾಗಿಲಿಗಲ್ಲ."

ಗೊಣಗುತ್ತಲೇ ಅಚ್ಚು ಹಾಕಿಸಿದರು. ಮರುವಾರ ದರ್ಜಿಯೊಬ್ಬರು ಕರಪತ್ರವನ್ನೂ ಹಳೆಯ ಬಿಲ್ಲುಗಳನ್ನೂ ಹಿಡಿದು ಬಂದರು.

"ಎಲ್ಲರೂ ಕುದಿಯೋ ನೀರು ಅಂತಾರೆ ಸ್ವಾಮಿ. ನಾನು ಸ್ನಾನ ಮಾಡ್ಬೇಕು, ಬೇಯಬೇಕಾಗಿಲ್ಲ. ನೀವೊಬ್ರೇ ಮೋಡದ ಮಾತು ಎತ್ತಿದ್ದು. ಲೆಕ್ಕ ಹಾಕಿ ನೋಡೋಣ."

ಲೆಕ್ಕ ಹಾಕಿದರು. ಹೀಟರ್ ಮಾರಾಟವಾಯಿತು. ಅವರ ಮಾತು ಕೇಳಿ ಅವರ ಷಡ್ಡಕರೂ ಬಂದರು.

ಅಲ್ಲಿಂದಾಚೆಗೆ ಮಾವನಿಗೆ ಹೊಸ ಹುಚ್ಚು ಹಿಡಿಯಿತು. ಒಂದು ದಿನ ಊಟಕ್ಕೆ ಕೂತಾಗ ಅತ್ತೆ, "ಸಾರು ಹೇಗಿದೆ?" ಎಂದರು.

"ಚೆನ್ನಾಗಿದೆ. ಆದರೆ ಇದು ಇವತ್ತು, ಒಂದೇ ಬಟ್ಟಲಲ್ಲಿ, ಹಸಿದ ಒಬ್ಬ ಮನುಷ್ಯ ನೋಡಿದ ರುಚಿ. ಎಲ್ಲರಿಗೂ ಹೀಗೇ ಅಂತ ಹೇಳೋಕಾಗಲ್ಲ."

ಅತ್ತೆ ಸೌಟು ಕೆಳಗಿಟ್ಟು ಪುಟ್ಟಿಯತ್ತ ತಿರುಗಿದರು. "ಇವರನ್ನ ಮೊದಲಿದ್ದ ಹಾಗೇ ಮಾಡಿ ಕೊಡೇ ತಾಯಿ."